ಒಟ್ಟು 69.75 ಬಂದರೂ ಇಂಗ್ಲಿಷ್‌ನಲ್ಲಿ 5.75: ಕ್ಲರ್ಕ್ ಪ್ರಿಲಿಮ್ಸ್ ಪಾಸಾಗುತ್ತಾ?

ಹೊಳೆದಂಡೆ
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಬ್ಯಾಂಕುಗಳಿಗೆ ಸಿಬ್ಬಂದಿ ಆರಿಸುವ ಐಬಿಪಿಎಸ್‌ನ ಕ್ಲರ್ಕ್ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ, ಓದಿದ್ದೆಲ್ಲ ಕನ್ನಡ ಮಾಧ್ಯಮ. ಮೊನ್ನೆ ಬರೆದ ಪೂರ್ಣ ಮಾಕ್ ಟೆಸ್ಟ್‌ನಲ್ಲಿ ಕ್ವಾಂಟ್ 31.5, ರೀಸನಿಂಗ್ 32.5, ಇಂಗ್ಲಿಷ್ 5.75 ಬಂತು. ಒಟ್ಟು 69.75. ಇಂಗ್ಲಿಷ್‌ನಲ್ಲಿ 22 ಪ್ರಶ್ನೆ ಮುಟ್ಟಿದ್ದೆ, 9 ಸರಿ, 13 ತಪ್ಪು, ತಪ್ಪಿಗೆ ಕಾಲು ಅಂಕ ಹೋಗುತ್ತೆ. ಒಟ್ಟು ಅಂಕ ಚೆನ್ನಾಗಿದೆ, ಇಂಗ್ಲಿಷ್‌ನ ಕೊರತೆಯನ್ನು ಉಳಿದ ಎರಡು ವಿಭಾಗ ತುಂಬಿಕೊಡುತ್ತವೆ ಅಂತ ರೂಮಿನವರು ಹೇಳ್ತಾರೆ. ನಿಜವಾ?

ಬಯಲುಸೀಮೆ
ತುಂಬಿಕೊಡಲ್ಲ. ಪ್ರತಿ ವಿಭಾಗದಲ್ಲೂ ನೂರಕ್ಕೆ ನಲವತ್ತು ಬೇಕೇ ಬೇಕು. ಇಂಗ್ಲಿಷ್ 30ಕ್ಕೆ 12, ಕ್ವಾಂಟ್ ಮತ್ತು ರೀಸನಿಂಗ್ 35ಕ್ಕೆ 14. ಮೀಸಲಾತಿ ಇದ್ದವರಿಗೆ ಶೇ. 35. ಅದಕ್ಕಿಂತ ಒಂದಂಕ ಕಮ್ಮಿ ಆದ್ರೂ ಒಟ್ಟು ಎಷ್ಟಿದ್ರೂ ಲೆಕ್ಕಕ್ಕಿಲ್ಲ.

ಲೆಕ್ಕದ ಮೇಷ್ಟ್ರು
ಬಯಲುಸೀಮೆ ಅವರು ಹೇಳಿದ್ದರಲ್ಲಿ ಕೊನೆಯ ವಾಕ್ಯ ಸರಿ. ಶೇ. 40 ಮತ್ತು 35 ಎನ್ನುವುದು ಬೇರೆ ಕಡೆಯದು. ಅದು ಐಬಿಪಿಎಸ್ ಪಿಒ, ಅಂದರೆ ಅಧಿಕಾರಿ ಹುದ್ದೆಯ ಸಂದರ್ಶನಕ್ಕೆ ಇರುವ ಕನಿಷ್ಠ ಅಂಕ. ಲಿಖಿತ ಪರೀಕ್ಷೆಗೆ ಮೊದಲೇ ಘೋಷಿಸಿದ ಶೇಕಡಾವಾರು ಇಲ್ಲ. ಮೂರೂ ವಿಭಾಗಗಳಲ್ಲಿ ಐಬಿಪಿಎಸ್ ನಿರ್ಧರಿಸುವ ಕನಿಷ್ಠ ಅಂಕ ಗಳಿಸಬೇಕು ಎಂದಷ್ಟೇ ಅಧಿಸೂಚನೆ ಹೇಳುತ್ತದೆ. ಆ ಕನಿಷ್ಠ ಎಷ್ಟು ಎಂಬುದು ಪರೀಕ್ಷೆ ಮುಗಿದ ಮೇಲೆ ತೀರ್ಮಾನವಾಗಿ ಸ್ಕೋರ್ ಕಾರ್ಡ್ ಜೊತೆ ಕಾಣಿಸಿಕೊಳ್ಳುತ್ತದೆ. ಪ್ರಶ್ನೆಪತ್ರಿಕೆ ಕಷ್ಟವಾದ ವರ್ಷ ಇಳಿಯುತ್ತದೆ, ಸುಲಭವಾದ ವರ್ಷ ಏರುತ್ತದೆ. 12 ಬಂದರೆ ಸಾಕು ಎಂದು ಕೂರುವುದೂ ತಪ್ಪು, 11 ಬಂತು ಎಂದು ಎದೆಗೆಡುವುದೂ ತಪ್ಪು.

ಹೊಳೆದಂಡೆ, ನಿಮ್ಮ ಪ್ರಶ್ನೆಗೆ ಬರೋಣ. ಆಯ್ಕೆ ನಡೆಯುವುದು ಎರಡು ಜರಡಿಯಲ್ಲಿ. ಮೊದಲ ಜರಡಿಯಲ್ಲಿ ಒಟ್ಟು ಅಂಕವನ್ನು ನೋಡುವುದೇ ಇಲ್ಲ. ಇಂಗ್ಲಿಷ್ ದಾಟಿತಾ, ಕ್ವಾಂಟ್ ದಾಟಿತಾ, ರೀಸನಿಂಗ್ ದಾಟಿತಾ, ಇಷ್ಟೇ. ಮೂರಕ್ಕೂ ಹೌದು ಎಂದವರು ಮಾತ್ರ ಎರಡನೆಯದಕ್ಕೆ ಹೋಗುತ್ತಾರೆ. ಅಲ್ಲಿ ಒಟ್ಟು ಅಂಕದ ಪ್ರಕಾರ ಸಾಲು ಮಾಡಿ, ಆಯಾ ರಾಜ್ಯದ ಆಯಾ ವರ್ಗಕ್ಕೆ ಎಷ್ಟು ಜನ ಬೇಕೋ ಅಷ್ಟಕ್ಕೆ ಗೆರೆ ಎಳೆಯುತ್ತಾರೆ. ನಿಮ್ಮ 69.75 ಕೆಲಸಕ್ಕೆ ಬರುವುದು ಎರಡನೆಯ ಜರಡಿಯಲ್ಲಿ. ಮೊದಲನೆಯದರಲ್ಲೇ ನಿಂತರೆ ಆ ಅಂಕಕ್ಕೆ ಬೆಲೆ ಇಲ್ಲ.

ಉದಾಹರಣೆಗೆ ಇಂಗ್ಲಿಷ್ ಕಟ್ ಆಫ್ 8.5, ಒಟ್ಟು ಕಟ್ ಆಫ್ 62 ಎಂದು ಹಿಡಿಯಿರಿ. ಇದು ಯಾವ ವರ್ಷದ ನಿಜ ಅಂಕಿಯೂ ಅಲ್ಲ, ಲೆಕ್ಕಕ್ಕೆ ಇಟ್ಟುಕೊಂಡದ್ದು. ಇನ್ನೊಬ್ಬರಿಗೆ ಇಂಗ್ಲಿಷ್ 9.25, ಕ್ವಾಂಟ್ 24, ರೀಸನಿಂಗ್ 29.5, ಒಟ್ಟು 62.75 ಬಂದಿದೆ. ನಿಮಗಿಂತ ಸರಿಯಾಗಿ ಏಳಂಕ ಕಡಿಮೆ. ಅವರು ಮೇನ್ಸ್ ಬರೆಯುತ್ತಾರೆ, ನೀವು ಬರೆಯುವುದಿಲ್ಲ.

ಹೊಳೆದಂಡೆ
ಅರ್ಥ ಆಯ್ತು ಸರ್. ಹಾಗಾದ್ರೆ ಮೂರೂ ವಿಭಾಗದ ಕಟ್ ಆಫ್ ದಾಟಿದ್ರೆ ಆಯ್ಕೆ ಖಾತ್ರಿನಾ?

ಲೆಕ್ಕದ ಮೇಷ್ಟ್ರು
ಇಲ್ಲ. ವಿಭಾಗದ ಕಟ್ ಆಫ್ ಸಾಮಾನ್ಯವಾಗಿ ತಗ್ಗಿನಲ್ಲಿ ಇರುತ್ತದೆ. ಮೂರನ್ನೂ ಕೂಡಿಸಿದರೂ ಒಟ್ಟು ಕಟ್ ಆಫ್‌ನ ಹತ್ತಿರ ಬರುವುದಿಲ್ಲ. ಮೂರರಲ್ಲೂ ಬರೀ ಗಡಿ ಮುಟ್ಟಿದ ಅಭ್ಯರ್ಥಿ ಎರಡನೆಯ ಜರಡಿಯಲ್ಲಿ ಹೊರಬೀಳುತ್ತಾನೆ. ಎಲ್ಲೂ ಮುಳುಗಬಾರದು, ಒಂದೆರಡು ಕಡೆ ಎತ್ತರಕ್ಕೆ ಹೋಗಬೇಕು. ಒಂದು ವಿಭಾಗದಲ್ಲಿ ಗಡಿಯ ಸ್ವಲ್ಪ ಮೇಲೆ, ಉಳಿದೆರಡರಲ್ಲಿ 30ರ ಆಸುಪಾಸು ಇದ್ದವರು ಆರಾಮಾಗಿ ದಾಟುತ್ತಾರೆ. ನಿಮ್ಮ ಕ್ವಾಂಟ್, ರೀಸನಿಂಗ್ ಈಗಾಗಲೇ ಅಲ್ಲಿದೆ. ನಿಮಗೆ ಬೇಕಾಗಿರುವುದು ಇಂಗ್ಲಿಷ್‌ನಲ್ಲಿ ನಾಲ್ಕೈದು ಅಂಕ ಮಾತ್ರ. ಕ್ವಾಂಟ್ ಅನ್ನು 31ರಿಂದ 33ಕ್ಕೆ ಏರಿಸಲು ಇಡುವ ಪ್ರತಿ ಗಂಟೆಯನ್ನೂ ಅಲ್ಲಿಂದ ತೆಗೆದು ಇಂಗ್ಲಿಷ್‌ಗೆ ಹಾಕಿ.

ತುಂಗಾತೀರ
ಕ್ಲರ್ಕ್ ಪರೀಕ್ಷೆ ಈಗ ಕನ್ನಡದಲ್ಲೇ ಬರೆಯಬಹುದಲ್ಲ? ಅರ್ಜಿಯಲ್ಲಿ ಕನ್ನಡ ಆಯ್ಕೆ ಮಾಡಿದ್ರೆ ಇಂಗ್ಲಿಷ್ ತಲೆನೋವೇ ಇಲ್ಲ. ಇದಕ್ಕೆ ಇಷ್ಟು ಚರ್ಚೆ ಯಾಕೆ?

ಮಂಗಳೂರು ಮಲ್ಲಿಗೆ
ತುಂಗಾತೀರ ಅವರೇ, ಈ ತಪ್ಪು ತಿಳಿವಳಿಕೆ ಬಹಳ ಜನರಿಗೆ ಇದೆ. ಪ್ರಾದೇಶಿಕ ಭಾಷೆಯ ಸೌಲಭ್ಯ ಬಂದದ್ದು ನಿಜ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ನೇಮಕಾತಿಯ ಪ್ರಿಲಿಮ್ಸ್ ಮತ್ತು ಮೇನ್ಸ್ ಎರಡನ್ನೂ ಇಂಗ್ಲಿಷ್, ಹಿಂದಿಯ ಜೊತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕು ಎಂದು 2021ರಲ್ಲಿ ಹಣಕಾಸು ಸಚಿವಾಲಯ ತೀರ್ಮಾನಿಸಿತು, ಅದರಲ್ಲಿ ಕನ್ನಡವೂ ಇದೆ. ಆದರೆ ಕನ್ನಡದಲ್ಲಿ ಬರುವುದು ಕ್ವಾಂಟ್, ರೀಸನಿಂಗ್ ಮತ್ತು ಮೇನ್ಸ್‌ನ ಸಾಮಾನ್ಯ ಜ್ಞಾನ. ಇಂಗ್ಲಿಷ್ ವಿಭಾಗ ಇಂಗ್ಲಿಷ್‌ನಲ್ಲೇ ಇರುತ್ತದೆ, ಅದಕ್ಕೂ ಪ್ರತ್ಯೇಕ ಕಟ್ ಆಫ್ ಇರುತ್ತದೆ. ಹೊಳೆದಂಡೆಯವರ ಅಂಕಪಟ್ಟಿ ನೋಡಿದರೆ ಅದೇ ಚಿತ್ರ ಕಾಣುತ್ತದೆ. ಕನ್ನಡದಲ್ಲಿ ಓದಿ ಬಿಡಿಸಿದ ಎರಡು ವಿಭಾಗ ಮುಗಿಲಲ್ಲಿ, ಮೂರನೆಯದು ನೆಲದಲ್ಲಿ. ಭಾಷೆಯ ಸೌಲಭ್ಯ ಬಂದಮೇಲೆ ನಮ್ಮ ಹುಡುಗ ಹುಡುಗಿಯರ ದಾರಿಯಲ್ಲಿ ಉಳಿದಿರುವ ದೊಡ್ಡ ಕಲ್ಲು ಈ 30 ಅಂಕದ ವಿಭಾಗವೇ.

ಇಂಗ್ಲಿಷ್ ಇಲ್ಲದ ಪ್ರಿಲಿಮ್ಸ್ ಬೇಕೆಂದರೆ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆ ಇದೆ. ಅಲ್ಲಿ ಪ್ರಿಲಿಮ್ಸ್‌ನಲ್ಲಿ ರೀಸನಿಂಗ್ ಮತ್ತು ಸಂಖ್ಯಾ ಸಾಮರ್ಥ್ಯ, ತಲಾ 40 ಪ್ರಶ್ನೆ. ಎರಡರಲ್ಲೂ ಪ್ರತ್ಯೇಕವಾಗಿ ದಾಟಬೇಕು ಎಂಬ ನಿಯಮ ಅಲ್ಲೂ ಇದೆ. ಮೇನ್ಸ್‌ನಲ್ಲಿ ಇಂಗ್ಲಿಷ್ ಅಥವಾ ಹಿಂದಿ, ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

ಗಡಿಯಾರ
ಎಸ್‌ಬಿಐ ಮರೆತ್ರಿ. ಎಸ್‌ಬಿಐ ಪ್ರಿಲಿಮ್ಸ್‌ನಲ್ಲಿ ವಿಭಾಗವಾರು ಕಟ್ ಆಫ್ ಇಲ್ಲ, ಒಟ್ಟು ಅಂಕ ಮಾತ್ರ. ಇದೇ 69.75 ಅಲ್ಲಿ ಪೂರ್ತಿ ಲೆಕ್ಕಕ್ಕೆ ಬರುತ್ತೆ. ಒಂದೇ ತಿಂಗಳಲ್ಲಿ ಎರಡೂ ಬರೆದವರು ಎಸ್‌ಬಿಐನಲ್ಲಿ ಪಾಸ್, ಐಬಿಪಿಎಸ್‌ನಲ್ಲಿ ಫೇಲ್ ಆಗೋದು ಇದಕ್ಕೇ. ಆಮೇಲೆ ಇನ್ನೊಂದು: ಐಬಿಪಿಎಸ್‌ನಲ್ಲಿ ಮೂರೂ ವಿಭಾಗಕ್ಕೆ ತಲಾ 20 ನಿಮಿಷ ಬೀಗ ಹಾಕಿಟ್ಟಿರ್ತಾರೆ. ಕ್ವಾಂಟ್ 16 ನಿಮಿಷಕ್ಕೆ ಮುಗಿಸಿದ್ರೆ ಉಳಿದ ನಾಲ್ಕು ನಿಮಿಷ ಇಂಗ್ಲಿಷ್‌ಗೆ ಸಿಗಲ್ಲ. ಅಂಕದ ಹಾಗೇ ಸಮಯನೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯಲ್ಲ.

ಬಯಲುಸೀಮೆ
ಸರಿ, ಶೇ. 40ರ ಮಾತು ವಾಪಸ್ ತಗೊಂಡೆ. ಆದ್ರೆ ಹೊಳೆದಂಡೆಯ ಸಮಸ್ಯೆಗೆ ಪರಿಹಾರ ಸುಲಭ. 13 ತಪ್ಪಿಗೆ 3.25 ಅಂಕ ಹೋಗಿದೆ. ಅದರಲ್ಲಿ 11 ಪ್ರಶ್ನೆ ಮುಟ್ಟದೇ ಬಿಟ್ಟಿದ್ರೆ 9 ಸರಿ, 2 ತಪ್ಪು, ನೇರ 8.5. ಮೇಷ್ಟ್ರು ಹೇಳಿದ ಕಟ್ ಆಫ್‌ಗೆ ಸಮ. ಗೊತ್ತಿಲ್ಲದ್ದನ್ನ ಬಿಡಿ, ಮುಗೀತು.

ಲೆಕ್ಕದ ಮೇಷ್ಟ್ರು
ಕೂಡಿ ಕಳೆದದ್ದು ಸರಿ. ಆದರೆ ಪರೀಕ್ಷಾ ಕೊಠಡಿಯಲ್ಲಿ ಕುಳಿತವನಿಗೆ ಯಾವ 11 ತಪ್ಪಾಗುತ್ತವೆ ಎಂದು ಮೊದಲೇ ಗೊತ್ತಿರುವುದಿಲ್ಲ. ತಪ್ಪಾದವನ್ನು ಮಾತ್ರ ಹೆಕ್ಕಿ ಬಿಡುವುದು ಉತ್ತರಸೂಚಿ ಕೈಗೆ ಬಂದಮೇಲೆ ಆಗುವ ಕೆಲಸ. ಆ ಕ್ಷಣದಲ್ಲಿ ಗೊತ್ತಿರುವುದು ಇದು ಖಚಿತ, ಇದು ಅನುಮಾನ ಎಂಬ ಎರಡೇ ಗುಂಪು. ಬಿಟ್ಟರೆ ಅನುಮಾನದ ಗುಂಪನ್ನು ಪೂರ್ತಿ ಬಿಡಬೇಕು, ಆಗ ಅದರೊಳಗಿನ ಸರಿ ಉತ್ತರಗಳೂ ಹೋಗುತ್ತವೆ.

ಹೊಳೆದಂಡೆ, ಆ ಮಾಕ್ ಮತ್ತೆ ತೆರೆದು ನೋಡಿ. ಮುಟ್ಟಿದ 22ರಲ್ಲಿ ಎಷ್ಟಕ್ಕೆ ಉತ್ತರ ಖಚಿತವಾಗಿ ಗೊತ್ತಿತ್ತು, ಎಷ್ಟನ್ನು ಊಹಿಸಿ ಒತ್ತಿದಿರಿ?

ಹೊಳೆದಂಡೆ
ನೋಡಿದೆ ಸರ್. ಖಚಿತ ಅಂತ ಒತ್ತಿದ್ದು 7, ಏಳೂ ಸರಿ. ಉಳಿದ 15 ಅನುಮಾನದವು. ಅದರಲ್ಲಿ 2 ಸರಿ, 13 ತಪ್ಪು.

ಲೆಕ್ಕದ ಮೇಷ್ಟ್ರು
ಈಗ ರೋಗ ಎಲ್ಲಿದೆ ಎಂದು ಕಾಣುತ್ತದೆ. ಅನುಮಾನದ 15ನ್ನು ಪೂರ್ತಿ ಬಿಟ್ಟಿದ್ದರೆ ನಿಮಗೆ 7 ಬರುತ್ತಿತ್ತು. 5.75ಕ್ಕಿಂತ ಮೇಲು, ಆದರೂ 8.5ಕ್ಕೆ ಸಾಲದು. ಅಂದರೆ ಊಹೆಯಿಂದ ನೀವು ಕಳೆದುಕೊಂಡದ್ದು ಒಂದೂಕಾಲು ಅಂಕ ಮಾತ್ರ. ದೊಡ್ಡ ಕೊರತೆ ಇರುವುದು ಖಚಿತವಾಗಿ ಗೊತ್ತಿರುವ ಪ್ರಶ್ನೆಗಳು ಏಳೇ ಆಗಿರುವುದರಲ್ಲಿ.

ಇನ್ನೊಂದು ಸಂಗತಿ ಗಮನಿಸಿ. ಐದು ಆಯ್ಕೆ, ತಪ್ಪಿಗೆ ಕಾಲು ಅಂಕ. ಕಣ್ಣು ಮುಚ್ಚಿ ಒತ್ತಿದರೂ ಐದರಲ್ಲಿ ಒಂದು ಸರಿಯಾಗುತ್ತದೆ, ನಾಲ್ಕು ತಪ್ಪಿಗೆ ಒಂದಂಕ ಹೋಗುತ್ತದೆ, ಲಾಭನಷ್ಟ ಸಮ. ಆ ಲೆಕ್ಕದಲ್ಲಿ ನಿಮ್ಮ 15ರಲ್ಲಿ 3 ಸರಿಯಾಗಬೇಕಿತ್ತು, 2 ಆಗಿದೆ. ಒಂದು ಮಾಕ್‌ನಿಂದ ಏನೂ ಹೇಳಲಾಗದು. ಆದರೆ ಐದಾರು ಮಾಕ್‌ಗಳಲ್ಲಿ ಅನುಮಾನದ ಗುಂಪು ಐದರಲ್ಲಿ ಒಂದಕ್ಕಿಂತ ಕೆಳಗೇ ನಿಂತರೆ, ನೀವು ಊಹಿಸುತ್ತಿಲ್ಲ, ಪ್ರಶ್ನೆ ತೆಗೆದವರು ಒಡ್ಡಿದ ಬಲೆಗೆ ಬೀಳುತ್ತಿದ್ದೀರಿ ಎಂದರ್ಥ.

ಮಂಗಳೂರು ಮಲ್ಲಿಗೆ
ಆ 13 ತಪ್ಪುಗಳು ಯಾವ ಬಗೆಯ ಪ್ರಶ್ನೆಗಳಲ್ಲಿ ಆಗಿವೆ, ಹೊಳೆದಂಡೆ? ಕನ್ನಡ ಮಾಧ್ಯಮದವರು ಹೆಚ್ಚಾಗಿ ಬೀಳುವುದು ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆಯಲ್ಲಿ. ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ನೋಡಿ ಉತ್ತರ ಒತ್ತುತ್ತಾರೆ. ಇಂಗ್ಲಿಷ್ ಕೇಳಿ ಬೆಳೆಯದ ಕಿವಿಗೆ ಸರಿಯಾದ ವಾಕ್ಯವೇ ತಪ್ಪಾಗಿ ಕೇಳಿಸುತ್ತದೆ, ಹಾಗಾಗಿ ಐದರಲ್ಲಿ ಒಂದೂ ಬರುವುದಿಲ್ಲ. ಅಲ್ಲಿ ಕಿವಿಯನ್ನು ನಂಬದೆ ಗೊತ್ತಾದ ನಾಲ್ಕು ಜಾಗ ಮಾತ್ರ ನೋಡಿ: ಕರ್ತೃ ಏಕವಚನವೋ ಬಹುವಚನವೋ, ಕ್ರಿಯಾಪದ ಅದಕ್ಕೆ ಹೊಂದುತ್ತದೆಯೋ, ಕಾಲ ಮಧ್ಯದಲ್ಲಿ ಬದಲಾಗಿದೆಯೋ, ಪ್ರಿಪೊಸಿಷನ್ ಸರಿಯೋ. ಈ ನಾಲ್ಕರಲ್ಲಿ ತಪ್ಪು ಸಿಗದಿದ್ದರೆ ಆ ಪ್ರಶ್ನೆ ಬಿಟ್ಟು ಮುಂದೆ ಹೋಗಿ.

ಓದಿ ಉತ್ತರಿಸುವ ಗದ್ಯಭಾಗ ನಿಮ್ಮಂಥವರಿಗೆ ಹೆಚ್ಚು ಸುರಕ್ಷಿತ. ಪ್ರಿಲಿಮ್ಸ್‌ನಲ್ಲಿ ಅದರಿಂದಲೇ ಎಂಟರ ಆಸುಪಾಸು ಪ್ರಶ್ನೆ ಬರುತ್ತವೆ, ಅರ್ಧಕ್ಕಿಂತ ಹೆಚ್ಚಿಗೆ ಉತ್ತರ ಗದ್ಯದೊಳಗೇ ಕಣ್ಣಿಗೆ ಕಾಣುವಂತೆ ಇರುತ್ತದೆ. ಉದ್ದ ನೋಡಿ ಹೆದರಿ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಕೊನೆಗೆ ಮೂರು ನಿಮಿಷ ಉಳಿದಿರುತ್ತದೆ. ಮೊದಲ ಎಂಟು ನಿಮಿಷವನ್ನು ಅದಕ್ಕೇ ಕೊಡಿ. ಪ್ರಶ್ನೆ ಮೊದಲು ಓದಿ, ಆಮೇಲೆ ಗದ್ಯ. ಅಲ್ಲಿ ಆರು ಸರಿ ಬಂದರೆ ಉಳಿದ 12 ನಿಮಿಷದಲ್ಲಿ ಏಳೆಂಟು ಸರಿ ಹುಡುಕುವುದು ಕಷ್ಟವಲ್ಲ. 17 ಮುಟ್ಟಿ 13 ಸರಿ, 4 ತಪ್ಪು ಆದರೂ 12 ಅಂಕ.

ಹೊಳೆದಂಡೆ
ನೀವು ಹೇಳಿದ್ದು ನಿಜ ಮೇಡಂ. ತಪ್ಪು ಹುಡುಕುವುದರಲ್ಲಿ ಐದಕ್ಕೆ ಐದೂ ತಪ್ಪು. ಗದ್ಯಭಾಗ ಕೊನೆಗೆ ಇಟ್ಟು ಮೂರು ಪ್ರಶ್ನೆ ಮಾತ್ರ ನೋಡಿದ್ದೆ.

ಕಾಡುಮಲ್ಲೇಶ್ವರ
ನನ್ನದೊಂದು ಪ್ರಶ್ನೆ. ನಾನು 3ಬಿ. ಮೀಸಲಾತಿಯವರಿಗೆ ವಿಭಾಗದ ಕಟ್ ಆಫ್ ಕಮ್ಮಿ ಇರುತ್ತಲ್ಲ, ನನಗೆ ಯಾವುದು ಅನ್ವಯ? ತಾಲ್ಲೂಕು ಕಚೇರಿಯಿಂದ ಜಾತಿ ಪ್ರಮಾಣಪತ್ರ ಇದೆ.

ಲೆಕ್ಕದ ಮೇಷ್ಟ್ರು
ಸ್ಕೋರ್ ಕಾರ್ಡ್‌ನಲ್ಲಿ ವಿಭಾಗದ ಕಟ್ ಆಫ್‌ಗೆ ಎರಡು ಕಾಲಂ ಇರುತ್ತವೆ. ಒಂದು ಸಾಮಾನ್ಯ ಮತ್ತು ಇಡಬ್ಲ್ಯುಎಸ್, ಇನ್ನೊಂದು ಎಸ್‌ಸಿ, ಎಸ್‌ಟಿ, ಒಬಿಸಿ, ಅಂಗವಿಕಲರು. ಎರಡನೆಯದು ತುಸು ಕಡಿಮೆ. ಆದರೆ 2ಎ, 3ಎ, 3ಬಿ ಎಂಬುದು ಕರ್ನಾಟಕ ಸರ್ಕಾರದ ವಿಂಗಡಣೆ, ಐಬಿಪಿಎಸ್ ನೋಡುವುದು ಕೇಂದ್ರದ ಒಬಿಸಿ ಪಟ್ಟಿಯನ್ನು. ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿ ಇಲ್ಲದ ಸಮುದಾಯಗಳಿವೆ. ನಿಮ್ಮ ಸಮುದಾಯದ ಹೆಸರು ಅಲ್ಲಿದ್ದರೆ, ಕೆನೆಪದರಕ್ಕೆ ಸೇರಿಲ್ಲ ಎಂಬ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲೇ ಮಾಡಿಸಬೇಕು. ಇಲ್ಲದಿದ್ದರೆ ನಿಮಗೆ ಸಾಮಾನ್ಯ ಕಾಲಂ. ಆದಾಯ ಮತ್ತು ಆಸ್ತಿ ಮಿತಿಯೊಳಗಿದ್ದರೆ ಇಡಬ್ಲ್ಯುಎಸ್ ಕೇಳಬಹುದು, ಆಗ ಒಟ್ಟು ಕಟ್ ಆಫ್ ಬೇರೆಯಾಗುತ್ತದೆ, ವಿಭಾಗದ್ದು ಸಾಮಾನ್ಯ ಕಾಲಂನದೇ. ಒಬಿಸಿ ಎಂದು ಅರ್ಜಿ ಹಾಕಿ, ಕಡಿಮೆ ಕಟ್ ಆಫ್‌ನಲ್ಲಿ ದಾಟಿ, ದಾಖಲೆ ಪರಿಶೀಲನೆಯಲ್ಲಿ ಪ್ರಮಾಣಪತ್ರ ತೋರಿಸಲಾಗದಿದ್ದರೆ ಅಲ್ಲಿಯವರೆಗೆ ಬಂದದ್ದೆಲ್ಲ ವ್ಯರ್ಥ. ಅರ್ಜಿಗೆ ಮೊದಲೇ ಇದನ್ನು ಖಚಿತಪಡಿಸಿಕೊಳ್ಳಿ.

ಗಡಿಯಾರ
ಮೇಷ್ಟ್ರೇ, ಹೊಳೆದಂಡೆಗೆ ಒಂದು ಹೇಳೋದು ಬಿಟ್ರಿ. ಕೊಠಡಿಯಲ್ಲಿ ಲೆಕ್ಕ ಹಾಕ್ಕೊಂಡು ಬಂದ 8.5 ಸ್ಕೋರ್ ಕಾರ್ಡ್‌ನಲ್ಲಿ 8.5 ಆಗೇ ಇರಲ್ಲ. ಬೇರೆ ಬೇರೆ ಶಿಫ್ಟ್ ಇರೋದ್ರಿಂದ ನಾರ್ಮಲೈಸ್ ಮಾಡ್ತಾರೆ.

ಲೆಕ್ಕದ ಮೇಷ್ಟ್ರು
ಒಳ್ಳೆಯದಾಯಿತು ನೆನಪಿಸಿದ್ದು. ಶಿಫ್ಟ್‌ಗಳ ಕಷ್ಟಸುಲಭ ಬೇರೆ ಬೇರೆ ಇರುವುದರಿಂದ ಐಬಿಪಿಎಸ್ ಒಂದು ಶಿಫ್ಟ್‌ನಲ್ಲಿ ಅಭ್ಯರ್ಥಿ ನಿಂತ ಸ್ಥಾನವನ್ನು ಇನ್ನೊಂದು ಶಿಫ್ಟ್‌ನ ಅದೇ ಸ್ಥಾನಕ್ಕೆ ಸರಿದೂಗಿಸುತ್ತದೆ. ನಿಮ್ಮ ಶಿಫ್ಟ್‌ನ ಇಂಗ್ಲಿಷ್ ಸುಲಭವಾಗಿದ್ದರೆ ನಿಮ್ಮ 8.5 ಕೆಳಗಿಳಿಯಬಹುದು, ಕಷ್ಟವಾಗಿದ್ದರೆ ಏರಬಹುದು. ಕಟ್ ಆಫ್‌ಗೆ ಹೋಲಿಸುವುದು ಈ ಸರಿದೂಗಿಸಿದ ಅಂಕವನ್ನು, ಎರಡು ದಶಮಾಂಶದವರೆಗೆ. ಕಾಲು ಅಂಕಕ್ಕೂ ಕಡಿಮೆ ವ್ಯತ್ಯಾಸದಲ್ಲಿ ಹೊರಗುಳಿದವರು ಇರುವುದು ಇದರಿಂದಲೇ. ಗಡಿಗೆ ಸರಿಯಾಗಿ ಗುರಿಯಿಟ್ಟರೆ ಅಪಾಯ, ಮೂರ್ನಾಲ್ಕು ಅಂಕ ಮೇಲಕ್ಕೆ ಇಡಿ. ಮಲ್ಲಿಗೆಯವರು ಹೇಳಿದ 12 ಹಾಗಾಗಿ ಒಳ್ಳೆಯ ಗುರಿ.

ಬಯಲುಸೀಮೆ
ಒಂದು ವಾದ ಇದೆ. ಕಣ್ಣು ಮುಚ್ಚಿ ಒತ್ತಿದ್ರೂ ಲಾಭನಷ್ಟ ಸಮ ಅಂದ್ರಿ. ಹಾಗಾದ್ರೆ ಕೊನೆ ಒಂದು ನಿಮಿಷದಲ್ಲಿ ಉಳಿದದ್ದೆಲ್ಲ ಒತ್ತಿಬಿಡೋದು ಯಾಕೆ ಬೇಡ?

ಲೆಕ್ಕದ ಮೇಷ್ಟ್ರು
ನೀವು ಎಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ಅದು ಹೋಗುತ್ತದೆ. ಕಟ್ ಆಫ್ 8.5 ಇದ್ದು ನಿಮ್ಮ ಖಚಿತ ಅಂಕ 7 ಎಂದಿಟ್ಟುಕೊಳ್ಳಿ. 13 ಪ್ರಶ್ನೆ ಕಣ್ಣು ಮುಚ್ಚಿ ಒತ್ತಿದರೆ ದಾಟಲು ಕನಿಷ್ಠ 4 ಸರಿಯಾಗಬೇಕು, ಹಾಗಾಗುವ ಸಂಭವ ನಾಲ್ಕರಲ್ಲಿ ಒಂದು. ಬಿಟ್ಟರೆ ಹೇಗೂ ಹೊರಗೆ, ಒತ್ತಿದರೆ ಒಂದು ದಾರಿ ಇದೆ. ಖಚಿತ ಅಂಕ 10 ಇದ್ದವನು ಅದೇ 13 ಒತ್ತಿದರೆ, ಒಂದೋ ಸೊನ್ನೆಯೋ ಮಾತ್ರ ಸರಿಯಾಗಿ 8.5ರ ಕೆಳಗೆ ಬೀಳುವ ಸಂಭವವೂ ಹತ್ತಿರಹತ್ತಿರ ನಾಲ್ಕರಲ್ಲಿ ಒಂದು. ದಾಟಿದ್ದವನು ಕೈಯಾರೆ ಹೊರಬಿದ್ದ ಹಾಗೆ. ಒಟ್ಟು ಅಂಕ ಮಾತ್ರ ನೋಡುವ ಪರೀಕ್ಷೆಯಲ್ಲಿ ಈ ವ್ಯತ್ಯಾಸಕ್ಕೆ ಅಷ್ಟು ತೂಕ ಇಲ್ಲ. ವಿಭಾಗಕ್ಕೆ ಗಡಿ ಇರುವ ಕಡೆ, ಮೇಲಿದ್ದವರು ಕೈ ಬಿಗಿ ಹಿಡಿಯಬೇಕು, ಕೆಳಗಿದ್ದವರು ಸಾಹಸ ಮಾಡಬಹುದು.

ಮಂಗಳೂರು ಮಲ್ಲಿಗೆ
ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ ಮೇಷ್ಟ್ರೇ. ಕಟ್ ಆಫ್ ಎಷ್ಟು ಎಂದು ಅಂದು ಯಾರಿಗೂ ಗೊತ್ತಿರುವುದಿಲ್ಲ. ತಾನು ಕೆಳಗಿದ್ದೇನೆ ಎಂದು ಅಭ್ಯರ್ಥಿ ಹೆದರಿಕೆಯಲ್ಲೇ ತೀರ್ಮಾನಿಸುತ್ತಾನೆ, ನಿಜದಲ್ಲಿ ಅವನ ಶಿಫ್ಟ್ ಕಷ್ಟದ್ದಾಗಿ ಅವನು ದಾಟಿರಲೂಬಹುದು. ಎರಡು ಆಯ್ಕೆಗಳನ್ನಾದರೂ ಕಾರಣ ಕೊಟ್ಟು ಹೊಡೆದುಹಾಕಿದ ಮೇಲೆ ಊಹಿಸಿದರೆ ಲಾಭ ಇದೆ. ಅದೂ ಇಲ್ಲದೆ ಒತ್ತುವುದನ್ನು ಮಕ್ಕಳಿಗೆ ಹೇಳಿಕೊಡಲು ನನಗೆ ಮನಸ್ಸಿಲ್ಲ.

ಲೆಕ್ಕದ ಮೇಷ್ಟ್ರು
ಕಟ್ ಆಫ್ ಗೊತ್ತಿಲ್ಲ ಎಂಬ ಮಾತು ಒಪ್ಪಿದೆ. ಆದರೂ 30ಕ್ಕೆ ಖಚಿತವಾಗಿ ಐದಾರೇ ಗೊತ್ತಿದ್ದವನು ಸುಮ್ಮನೆ ಕೈಕಟ್ಟಿ ಕೂರುವುದು ಸರಿ ಎಂದು ನನಗೆ ಅನ್ನಿಸುವುದಿಲ್ಲ. ಇಲ್ಲಿ ನಾವಿಬ್ಬರೂ ಬೇರೆ ಬೇರೆ.

ಹೊಳೆದಂಡೆ
ಮೇನ್ಸ್‌ನಲ್ಲೂ ಹೀಗೇನಾ? ಅಲ್ಲಿಗೆ ಹೋದಮೇಲೆ ಪ್ರಿಲಿಮ್ಸ್ ಅಂಕ ಸೇರುತ್ತಾ?

ಗಡಿಯಾರ
ಸೇರಲ್ಲ, ಪ್ರಿಲಿಮ್ಸ್ ಬಾಗಿಲು ಅಷ್ಟೇ. ಕ್ಲರ್ಕ್‌ಗೆ ಸಂದರ್ಶನವೂ ಇಲ್ಲ, ಮೇನ್ಸ್ ಅಂಕದ ಮೇಲೇ ಬ್ಯಾಂಕ್ ಹಂಚಿಕೆ. ಅಲ್ಲೂ ಪ್ರತಿ ವಿಭಾಗಕ್ಕೆ ಕನಿಷ್ಠ, ಒಟ್ಟಿಗೂ ಕನಿಷ್ಠ. ಒಂದರಲ್ಲಿ ನಿಂತ್ರೆ ಕಾಯ್ದಿರಿಸಿದ ಪಟ್ಟಿಗೂ ಹೆಸರು ಬರಲ್ಲ. 2025ರಿಂದ ಅಧಿಸೂಚನೆಯಲ್ಲಿ ಹುದ್ದೆ ಹೆಸರು ಕಸ್ಟಮರ್ ಸರ್ವೀಸ್ ಅಸೋಸಿಯೇಟ್ ಆಯ್ತು, ಮೇನ್ಸ್ ಮಾದರಿನೂ ಬದಲಾಯ್ತು. ರೀಸನಿಂಗ್ 40 ಪ್ರಶ್ನೆಗೆ 60 ಅಂಕ, ಅಂದ್ರೆ ಪ್ರಶ್ನೆಗೆ ಒಂದೂವರೆ. ತಪ್ಪಿಗೆ ಹೋಗೋದು ಆ ಪ್ರಶ್ನೆಯ ಅಂಕದ ಕಾಲು ಭಾಗ, ಹಾಗಾಗಿ 0.375. ಪ್ರಿಲಿಮ್ಸ್ ಲೆಕ್ಕ ಇಟ್ಕೊಂಡು ಕೂತ್ರೆ ತಲೆಕೆಳಗಾಗುತ್ತೆ. ಮೇನ್ಸ್‌ನಲ್ಲಿ ಬಹಳ ಜನ ಬೀಳೋದು ಸಾಮಾನ್ಯ ಮತ್ತು ಹಣಕಾಸು ಜ್ಞಾನದಲ್ಲಿ. 40 ಪ್ರಶ್ನೆಗೆ 20 ನಿಮಿಷ. ಅಲ್ಲಿ ಯೋಚಿಸಿ ಬಿಡಿಸೋದು ಏನೂ ಇಲ್ಲ, ಗೊತ್ತಿದ್ರೆ ಉಂಟು ಇಲ್ಲದಿದ್ರೆ ಇಲ್ಲ. ಪ್ರಿಲಿಮ್ಸ್ ಮುಗಿದ ಮೇಲೆ ಶುರು ಮಾಡ್ತೀನಿ ಅಂದವರಿಗೆ ಆ ಅವಧಿ ಸಾಕಾಗಲ್ಲ.

ಕಾಡುಮಲ್ಲೇಶ್ವರ
ಇನ್ನೊಂದು ಅನುಮಾನ. ಒಬಿಸಿ ಅಭ್ಯರ್ಥಿ ಇಂಗ್ಲಿಷ್‌ನಲ್ಲಿ ಒಬಿಸಿ ಕಾಲಂನಲ್ಲಿ ಮಾತ್ರ ದಾಟಿದ್ದಾನೆ, ಆದ್ರೆ ಒಟ್ಟು ಅಂಕ ಸಾಮಾನ್ಯ ವರ್ಗದ ಕಟ್ ಆಫ್‌ಗಿಂತ ಜಾಸ್ತಿ ಇದೆ. ಅವನನ್ನ ಯಾವ ಸೀಟಿಗೆ ಲೆಕ್ಕ ಹಾಕ್ತಾರೆ?

ಬಯಲುಸೀಮೆ
ರಿಯಾಯಿತಿ ತಗೊಂಡ್ರೆ ಒಬಿಸಿ ಸೀಟಿಗೇ. ಒಟ್ಟು ಎಷ್ಟಿದ್ರೂ ಸಾಮಾನ್ಯಕ್ಕೆ ಹೋಗಲ್ಲ ಅನ್ಸುತ್ತೆ.

ಗಡಿಯಾರ
ಅನ್ಸುತ್ತೆ ಅಂತ ಇಲ್ಲಿ ತೀರ್ಮಾನ ಬೇಡ. ಆ ವರ್ಷದ ಅಧಿಸೂಚನೆಯ ಮೀಸಲಾತಿ ಭಾಗ ಪೂರ್ತಿ ಓದಿದವರು ಸಾಲು ಸಮೇತ ಹಾಕಲಿ.

ಹೊಳೆದಂಡೆ
ಮಲ್ಲಿಗೆ ಮೇಡಂ ಹೇಳಿದ ಹಾಗೆ ಗದ್ಯಭಾಗ ಮೊದಲು ಇಟ್ಟು ಇವತ್ತು ಇಂಗ್ಲಿಷ್ ವಿಭಾಗ ಒಂದನ್ನೇ ಬರೆದೆ. 16 ಮುಟ್ಟಿದ್ದು, 11 ಸರಿ, 5 ತಪ್ಪು, 9.75. ಖಚಿತ ಅಂದದ್ದು 9, ಅದರಲ್ಲಿ 8 ಸರಿ. ಅನುಮಾನದ 7ರಲ್ಲಿ 3 ಸರಿ. ಆ ಖಚಿತ ಅಂದುಕೊಂಡು ತಪ್ಪಾದ ಒಂದು ಪ್ರಿಪೊಸಿಷನ್ ಪ್ರಶ್ನೆ.

ಲೆಕ್ಕದ ಮೇಷ್ಟ್ರು
ಏಳರಲ್ಲಿ ಮೂರು ಅಂದರೆ ಅನುಮಾನದ ಗುಂಪು ಈಗ ನಿಮಗೆ ಅಂಕ ತರುತ್ತಿದೆ, ಅದನ್ನು ಬಿಡಬೇಡಿ. ಇನ್ನು ನಾಲ್ಕು ಮಾಕ್‌ನಲ್ಲಿ ಎರಡೂ ಗುಂಪುಗಳ ಲೆಕ್ಕ ಹೀಗೇ ಬರೆದಿಟ್ಟು ಇಲ್ಲಿ ಹಾಕಿ. ಪೂರ್ಣ ಮಾಕ್‌ನಲ್ಲೇ ಬರೆಯಿರಿ. ಇಂಗ್ಲಿಷ್ ಒಂದನ್ನೇ ತಾಜಾ ತಲೆಯಲ್ಲಿ ಬರೆದ ಅಂಕ, ಮೂರೂ ವಿಭಾಗ ಒಟ್ಟಿಗೆ ಬರೆದಾಗ ಅಷ್ಟೇ ಬರುತ್ತದೆ ಎಂದು ಹೇಳಲಾಗದು.

ಮಂಗಳೂರು ಮಲ್ಲಿಗೆ
ಆ ಪ್ರಿಪೊಸಿಷನ್ ವಾಕ್ಯವನ್ನೂ ಹಾಕಿ, ನೋಡೋಣ.